ಗಾಳಿಗೆ ಅಡ್ಡಲಾಗಿರುವ ಬಿಸಿ ಪೈಪು: ಎರಡು ಸೂತ್ರ, ಎರಡು ಉತ್ತರ

ಪ್ರಶ್ನೆ: ನಮ್ಮಲ್ಲಿ 130 ಡಿಗ್ರಿ ಸೆಲ್ಸಿಯಸ್‌ನ ಉಗಿ ಹರಿಯುವ 4 ಇಂಚಿನ ಉಕ್ಕಿನ ಪೈಪು ಸುಮಾರು 60 ಮೀಟರ್ ದೂರ ಬಯಲಿನಲ್ಲಿ ಇನ್ಸುಲೇಶನ್ ಇಲ್ಲದೆ ಹಾದುಹೋಗುತ್ತದೆ. ಗಾಳಿಯ ವೇಗ ಸೆಕೆಂಡಿಗೆ 5 ಮೀಟರ್, ಉಷ್ಣತೆ 25 ಡಿಗ್ರಿ ಎಂದು ಹಿಡಿದು ಲೆಕ್ಕ ಹಾಕಿದೆ. ಚರ್ಚಿಲ್–ಬರ್ನ್‌ಸ್ಟೈನ್ ಸೂತ್ರದಿಂದ ಮೀಟರಿಗೆ 937 ವ್ಯಾಟ್ ಬಂತು, ಜುಕೌಸ್ಕಾಸ್ ಸೂತ್ರದಿಂದ 1,080 ವ್ಯಾಟ್ ಬಂತು. ಯಾವುದನ್ನು ನಂಬಲಿ?

ಉತ್ತರ:

ಎರಡನ್ನೂ ನಂಬಬಹುದು. ಆದರೆ ಇವೆರಡರಲ್ಲಿ ಯಾವುದೂ ನಿಮ್ಮ ಪೈಪು ಕಳೆದುಕೊಳ್ಳುವ ಒಟ್ಟು ಉಷ್ಣವಲ್ಲ. ಸೂತ್ರಗಳ ನಡುವಿನ ಶೇ 15ರ ಅಂತರ ಈ ಬಗೆಯ ಲೆಕ್ಕದಲ್ಲಿ ಸಹಜವಾದದ್ದು. ನೀವು ಕೈಬಿಟ್ಟಿರುವ ವಿಕಿರಣ ಮತ್ತು ನೀವು ಹಿಡಿದಿರುವ ಗಾಳಿಯ ವೇಗ, ಇವೆರಡೂ ಉತ್ತರವನ್ನು ಅಷ್ಟೇ ಅಥವಾ ಅದಕ್ಕಿಂತ ಹೆಚ್ಚು ಬದಲಿಸಬಲ್ಲವು. ಹಾಗಾಗಿ ಮೊದಲು ಸೂತ್ರಗಳ ವಿಷಯವನ್ನು ಮುಗಿಸಿ, ಆಮೇಲೆ ಹೆಚ್ಚು ಗಮನ ಬೇಡುವ ಈ ಎರಡು ಸಂಗತಿಗಳಿಗೆ ಬರುತ್ತೇನೆ.

ಪೈಪಿನ ಸುತ್ತ ಗಾಳಿ ಹೇಗೆ ಹರಿಯುತ್ತದೆ ಎಂಬುದನ್ನು ತಿಳಿಯದೆ ಸೂತ್ರಗಳ ಭಿನ್ನತೆ ಅರ್ಥವಾಗುವುದಿಲ್ಲ. ಗಾಳಿ ಪೈಪಿನ ಎದುರು ಮುಖಕ್ಕೆ ನೇರವಾಗಿ ಬಡಿದು ಅಲ್ಲಿ ಕ್ಷಣಕಾಲ ನಿಂತು, ಮೇಲಕ್ಕೂ ಕೆಳಕ್ಕೂ ಸೀಳಿಕೊಂಡು ಹೋಗುತ್ತದೆ. ಮೇಲ್ಮೈಗೆ ಅಂಟಿಕೊಂಡು ಸಾಗುವ ತೆಳುವಾದ ಗಡಿಪದರವೇ ಉಷ್ಣ ದಾಟಬೇಕಾದ ಅಡ್ಡಗೋಡೆ. ಎದುರು ಮುಖದಲ್ಲಿ ಅದು ತೀರ ತೆಳ್ಳಗಿರುವುದರಿಂದ ಅಲ್ಲಿ ಉಷ್ಣ ವೇಗವಾಗಿ ಹೋಗುತ್ತದೆ. ಮುಂದೆ ಸಾಗಿದಂತೆ ಪದರ ದಪ್ಪವಾಗುತ್ತದೆ, ಉಷ್ಣದ ಹರಿವು ಇಳಿಯುತ್ತದೆ. ಎದುರಿನ ಬಿಂದುವಿನಿಂದ ಸುಮಾರು 80 ಡಿಗ್ರಿ ಕೋನಕ್ಕೆ ಬಂದಾಗ ಪದರವು ಮೇಲ್ಮೈಯಿಂದ ಕಿತ್ತುಕೊಂಡು ಹೋಗುತ್ತದೆ. ಅದರ ಹಿಂದಿನ ಭಾಗದಲ್ಲಿ ಸುಳಿಗಳು ಒಮ್ಮೆ ಮೇಲಿನಿಂದ, ಒಮ್ಮೆ ಕೆಳಗಿನಿಂದ ಕಳಚಿಕೊಳ್ಳುತ್ತಾ ತಣ್ಣನೆಯ ಗಾಳಿಯನ್ನು ಪೈಪಿನ ಬೆನ್ನಿಗೆ ತಂದು ಹಾಕುವುದರಿಂದ ಅಲ್ಲಿ ಉಷ್ಣದ ಹರಿವು ಮತ್ತೆ ಏರುತ್ತದೆ. ನಿಮ್ಮ ಪೈಪಿನಲ್ಲಿ ಈ ಸುಳಿಗಳು ಸೆಕೆಂಡಿಗೆ ಸುಮಾರು 9 ಬಾರಿ ಕಳಚುತ್ತವೆ. ಹೀಗೆ ಒಂದೇ ಪೈಪಿನ ಸುತ್ತ ಮೂರು ಬಗೆಯ ಹರಿವು ಇರುವುದರಿಂದ, ಸರಾಸರಿ ಉಷ್ಣ ವರ್ಗಾವಣೆಯನ್ನು ಶುದ್ಧ ಸಿದ್ಧಾಂತದಿಂದ ಪಡೆಯುವ ಸುಲಭದ ದಾರಿಯಿಲ್ಲ. ಬಳಕೆಯಲ್ಲಿರುವ ಸೂತ್ರಗಳೆಲ್ಲ ಗಾಳಿ ಸುರಂಗದ ಪ್ರಯೋಗಗಳ ಅಳತೆಗಳ ಮೇಲೆ ಎಳೆದ ವಕ್ರರೇಖೆಗಳು. ಬೇರೆ ಬೇರೆ ಪ್ರಯೋಗಗಳ ಬಿಂದುಗಳು ಚದುರಿವೆ, ಆದ್ದರಿಂದ ರೇಖೆಗಳೂ ಒಂದಕ್ಕೊಂದು ಪೂರ್ತಿ ಕೂಡುವುದಿಲ್ಲ.

ಚರ್ಚಿಲ್ ಮತ್ತು ಬರ್ನ್‌ಸ್ಟೈನ್ 1977ರಲ್ಲಿ ಕೊಟ್ಟ ಸೂತ್ರ ಹೀಗಿದೆ:

```
Nu = 0.3 + [0.62 Re^(1/2) Pr^(1/3)] / [1 + (0.4/Pr)^(2/3)]^(1/4)
         × [1 + (Re/282000)^(5/8)]^(4/5)
```

ಇಲ್ಲಿ Re ರೆನಾಲ್ಡ್ಸ್ ಸಂಖ್ಯೆ, Pr ಪ್ರಾಂಟ್ಲ್ ಸಂಖ್ಯೆ, Nu ನಸೆಲ್ಟ್ ಸಂಖ್ಯೆ. ಗಾಳಿಯ ಗುಣಗಳನ್ನು ಮೇಲ್ಮೈ ಮತ್ತು ಗಾಳಿಯ ಉಷ್ಣತೆಗಳ ಸರಾಸರಿಯಲ್ಲಿ, ಅಂದರೆ ಫಿಲ್ಮ್ ಉಷ್ಣತೆಯಲ್ಲಿ ತೆಗೆದುಕೊಳ್ಳಬೇಕು. ನಿಮ್ಮ ಸಂದರ್ಭದಲ್ಲಿ ಅದು ಸುಮಾರು 77 ಡಿಗ್ರಿ, ಅಂದರೆ 350 ಕೆಲ್ವಿನ್. ಆ ಉಷ್ಣತೆಯಲ್ಲಿ ಗಾಳಿಯ ಚಲನ ಸ್ನಿಗ್ಧತೆ, ಉಷ್ಣವಾಹಕತೆ ಮತ್ತು ಪ್ರಾಂಟ್ಲ್ ಸಂಖ್ಯೆ ಕ್ರಮವಾಗಿ ಹೀಗಿವೆ, ಜೊತೆಗೆ 4 ಇಂಚಿನ ಪೈಪಿನ ಹೊರವ್ಯಾಸ 114.3 ಮಿಲಿಮೀಟರ್:

```
ν = 20.9×10⁻⁶ m²/s,  k = 0.0300 W/m·K,  Pr = 0.70
Re = 5 × 0.1143 / 20.9×10⁻⁶ ≈ 27300
Nu ≈ 94.6
h  = 94.6 × 0.0300 / 0.1143 ≈ 24.8 W/m²·K
q  = 24.8 × π × 0.1143 × (130 − 25) ≈ 937 W/m
```

ನಿಮ್ಮ ಮೊದಲ ಉತ್ತರ ಸರಿಯಾಗಿಯೇ ಇದೆ. ಹಿಲ್ಪರ್ಟ್ 1933ರಲ್ಲಿ ಗಾಳಿಯಲ್ಲಿ ಮಾಡಿದ ಅಳತೆಗಳಿಂದ ಬಂದ ಹಳೆಯ ಘಾತ ಸೂತ್ರವೂ ಈ ರೆನಾಲ್ಡ್ಸ್ ಸಂಖ್ಯೆಯಲ್ಲಿ ಬಹುತೇಕ ಇದೇ ನಸೆಲ್ಟ್ ಸಂಖ್ಯೆಯನ್ನು ಕೊಡುತ್ತದೆ. ಜುಕೌಸ್ಕಾಸ್ ಸೂತ್ರದಲ್ಲಿ ಮಾತ್ರ ಗಾಳಿಯ ಗುಣಗಳನ್ನು ಫಿಲ್ಮ್ ಉಷ್ಣತೆಯ ಬದಲು ದೂರದ ಗಾಳಿಯ ಉಷ್ಣತೆಯಲ್ಲಿ, ಅಂದರೆ 25 ಡಿಗ್ರಿಯಲ್ಲಿ ತೆಗೆದುಕೊಳ್ಳಬೇಕು. ಮೇಲ್ಮೈ ಉಷ್ಣತೆಯ ಪ್ರಭಾವವನ್ನು ಅದು ಪ್ರಾಂಟ್ಲ್ ಸಂಖ್ಯೆಗಳ ಅನುಪಾತದ ಒಂದು ತಿದ್ದುಪಡಿಯಿಂದ ತರುತ್ತದೆ. 25 ಡಿಗ್ರಿಯ ಗಾಳಿಯ ಸ್ನಿಗ್ಧತೆ ಕಡಿಮೆಯಾದ್ದರಿಂದ ಅಲ್ಲಿ ರೆನಾಲ್ಡ್ಸ್ ಸಂಖ್ಯೆ 36,400ರ ಹತ್ತಿರ ಬರುತ್ತದೆ. ಕೊನೆಗೆ ಉಷ್ಣ ವರ್ಗಾವಣೆ ಗುಣಾಂಕ 28.6 ಆಗುತ್ತದೆ. ಅದೂ ಸರಿಯಾದ ಬಳಕೆಯೇ. ಇಂಥ ಸೂತ್ರಗಳಿಂದ ಶೇ 20ರ ಒಳಗಿನ ನಿಖರತೆಗಿಂತ ಹೆಚ್ಚನ್ನು ನಿರೀಕ್ಷಿಸಬಾರದು, ನಿಮ್ಮ ಎರಡು ಅಂಕಿಗಳೂ ಆ ಮಿತಿಯೊಳಗೇ ಇವೆ.

ಒಂದು ತಪ್ಪನ್ನು ಮಾತ್ರ ಇಲ್ಲಿ ವಿಶೇಷವಾಗಿ ಹೇಳಬೇಕು, ಏಕೆಂದರೆ ಲೆಕ್ಕದ ಹಾಳೆಗಳಲ್ಲಿ ಅದು ಕಣ್ಣಿಗೆ ಬೀಳದೆ ಉಳಿಯುತ್ತದೆ. ಚರ್ಚಿಲ್–ಬರ್ನ್‌ಸ್ಟೈನ್ ಸೂತ್ರದಲ್ಲಿ ಎಲ್ಲ ಗುಣಗಳನ್ನೂ ತಪ್ಪಾಗಿ 25 ಡಿಗ್ರಿಯಲ್ಲಿ ತೆಗೆದುಕೊಂಡರೂ ಗುಣಾಂಕ 24.8ರ ಬದಲು 25.8 ಆಗುತ್ತದೆ, ಅಷ್ಟೇ. ಉಷ್ಣತೆ ಇಳಿದಾಗ ಸ್ನಿಗ್ಧತೆಯೂ ಉಷ್ಣವಾಹಕತೆಯೂ ಒಟ್ಟಿಗೆ ಇಳಿದು, ಒಂದರ ಪರಿಣಾಮವನ್ನು ಇನ್ನೊಂದು ಬಹುಪಾಲು ಅಳಿಸಿಹಾಕುತ್ತದೆ. ಆದರೆ ರೆನಾಲ್ಡ್ಸ್ ಸಂಖ್ಯೆಗೆ 25 ಡಿಗ್ರಿಯ ಸ್ನಿಗ್ಧತೆಯನ್ನು ಹಾಕಿ, ನಸೆಲ್ಟ್ ಸಂಖ್ಯೆಯಿಂದ ಗುಣಾಂಕ ತೆಗೆಯುವಾಗ 77 ಡಿಗ್ರಿಯ ಉಷ್ಣವಾಹಕತೆಯನ್ನು ಬಳಸಿದರೆ ಉತ್ತರ 29.6ಕ್ಕೆ ಏರುತ್ತದೆ. ಅದು ಶೇ 19ರಷ್ಟು ಹೆಚ್ಚು. ಒಂದೇ ಸೂತ್ರದೊಳಗೆ ಎರಡು ಉಷ್ಣತೆಗಳನ್ನು ಬೆರೆಸುವುದು ಸೂತ್ರದ ಆಯ್ಕೆಗಿಂತ ದೊಡ್ಡ ದೋಷ. ನಿಮ್ಮ ಹಾಳೆಯಲ್ಲಿ ಸ್ನಿಗ್ಧತೆಯೂ ಉಷ್ಣವಾಹಕತೆಯೂ ಕೋಷ್ಟಕದ ಒಂದೇ ಸಾಲಿನಿಂದ ಬಂದಿವೆಯೇ ಎಂದು ನೋಡಿಕೊಳ್ಳಿ.

ಮೇಲ್ಮೈಯ ಉಷ್ಣತೆಯನ್ನು ಉಗಿಯ ಉಷ್ಣತೆಗೇ ಸಮನೆಂದು ಹಿಡಿದಿದ್ದೀರಿ. ಸಾಂದ್ರಗೊಳ್ಳುತ್ತಿರುವ ಉಗಿಗೆ ಅದು ಸರಿ. ಒಳಗೋಡೆಯ ಮೇಲೆ ಉಗಿ ನೀರಾಗುವಾಗ ಉಷ್ಣ ವರ್ಗಾವಣೆ ಗುಣಾಂಕ ಸಾವಿರಗಳಲ್ಲಿರುತ್ತದೆ, ಉಕ್ಕಿನ ಗೋಡೆಯೂ ಬಹಳ ಅಡ್ಡಿ ಮಾಡುವುದಿಲ್ಲ. ಎರಡೂ ಸೇರಿ ಕುಸಿತ ಒಂದೆರಡು ಡಿಗ್ರಿ ಮೀರದು. ಒಳಗೆ ನಿಧಾನವಾಗಿ ಹರಿಯುವ ದಪ್ಪ ಎಣ್ಣೆಯೋ ಬಿಸಿ ಅನಿಲವೋ ಇದ್ದರೆ ಈ ಊಹೆ ಕೆಡುತ್ತದೆ. ಆಗ ಹೊರಮೈ ಒಳಗಿನ ದ್ರವಕ್ಕಿಂತ ಹತ್ತಾರು ಡಿಗ್ರಿ ತಣ್ಣಗಿರಬಹುದು, ಒಳಗಿನ ರೋಧವನ್ನೂ ಸೇರಿಸಿ ಮೇಲ್ಮೈ ಉಷ್ಣತೆಯನ್ನು ಎರಡು ಮೂರು ಸುತ್ತುಗಳಲ್ಲಿ ಹುಡುಕಬೇಕಾಗುತ್ತದೆ.

ಇನ್ನು ನೀವು ಬಿಟ್ಟಿರುವ ಭಾಗ. ತುಕ್ಕುಬಣ್ಣಕ್ಕೆ ತಿರುಗಿದ ಉಕ್ಕಿನ ಉತ್ಸರ್ಜಕತೆಯನ್ನು 0.8 ಎಂದು ಹಿಡಿದು, ಸುತ್ತಲಿನ ಪರಿಸರ ಗಾಳಿಯಷ್ಟೇ ಬೆಚ್ಚಗಿದೆ ಎಂದುಕೊಂಡರೆ ವಿಕಿರಣದ ಲೆಕ್ಕ ಹೀಗೆ ಬರುತ್ತದೆ:

```
q_rad = 0.8 × 5.67×10⁻⁸ × (403⁴ − 298⁴) × π × 0.1143 ≈ 301 W/m
```

ಸಂವಹನದ 937 ವ್ಯಾಟ್‌ಗೆ ಇದನ್ನು ಕೂಡಿಸಿದರೆ ಒಟ್ಟು ನಷ್ಟ ಮೀಟರಿಗೆ ಸುಮಾರು 1,240 ವ್ಯಾಟ್. ವಿಕಿರಣ ಅದರಲ್ಲಿ ಕಾಲುಭಾಗದಷ್ಟಿದೆ. ನಿಮ್ಮನ್ನು ಗೊಂದಲಕ್ಕೆ ಕೆಡವಿದ ಎರಡು ಸೂತ್ರಗಳ ಅಂತರ 143 ವ್ಯಾಟ್ ಆದರೆ, ಲೆಕ್ಕಕ್ಕೇ ಬಾರದೆ ಹೋದ ಉಷ್ಣ ಅದರ ಎರಡರಷ್ಟು. ಗಾಳಿ ಪೂರ್ತಿ ನಿಂತ ದಿನ ಇದರ ಪಾಲು ಇನ್ನೂ ದೊಡ್ಡದು. ಆಗ ಸಹಜ ಸಂವಹನ ಮಾತ್ರ ಉಳಿದು, ಈ ಪೈಪಿಗೆ ಅದು ಮೀಟರಿಗೆ 250 ವ್ಯಾಟ್‌ನಷ್ಟೇ ಆಗುತ್ತದೆ, ವಿಕಿರಣ ಅದನ್ನು ಮೀರಿಸುತ್ತದೆ. ಪೈಪಿಗೆ ಹೊಳೆಯುವ ಅಲ್ಯೂಮಿನಿಯಂ ಬಣ್ಣವಿದ್ದರೆ ಅಥವಾ ತಗಡಿನ ಹೊದಿಕೆಯಿದ್ದರೆ ಉತ್ಸರ್ಜಕತೆ ಬಹಳ ಕಡಿಮೆ, ವಿಕಿರಣವೂ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. ಆದ್ದರಿಂದ ಮೇಲ್ಮೈ ಹೇಗಿದೆ ಎಂದು ಒಮ್ಮೆ ಹೋಗಿ ನೋಡಿ ಬರುವುದು ಒಳ್ಳೆಯದು.

ಸಹಜ ಸಂವಹನವನ್ನು ಗಾಳಿಯ ಸಂವಹನದ ಜೊತೆ ಕೂಡಿಸಬೇಕೇ ಎಂಬ ಸಂದೇಹವೂ ನಿಮಗೆ ಬರಬಹುದು. ಗ್ರಾಶಾಫ್ ಸಂಖ್ಯೆಯನ್ನು ರೆನಾಲ್ಡ್ಸ್ ಸಂಖ್ಯೆಯ ವರ್ಗದಿಂದ ಭಾಗಿಸಿ ನೋಡುವುದು ಇದಕ್ಕೆ ಕ್ರಮ. ನಿಮ್ಮ ಪೈಪಿನ ಗ್ರಾಶಾಫ್ ಸಂಖ್ಯೆ ಸುಮಾರು ಒಂದು ಕೋಟಿ. 5 ಮೀಟರ್ ವೇಗದಲ್ಲಿ ಆ ಅನುಪಾತ 0.013 ಮಾತ್ರ, ಅಂದರೆ ಸಹಜ ಸಂವಹನವನ್ನು ಮರೆಯಬಹುದು. ವೇಗ ಸೆಕೆಂಡಿಗೆ 2 ಮೀಟರಿಗಿಂತ ಕೆಳಗಿಳಿದಾಗ ಅದರ ಪ್ರಭಾವ ತಲೆಯೆತ್ತತೊಡಗುತ್ತದೆ. 0.6 ಮೀಟರಿನ ಸುಮಾರಿಗೆ ಎರಡೂ ಸಮಬಲವಾಗುತ್ತವೆ. ಅಂಥ ಮೆಲುಗಾಳಿಯಲ್ಲಿ ಬಲವಂತದ ಸಂವಹನದ ಸೂತ್ರವೊಂದನ್ನೇ ನೆಚ್ಚಿಕೊಳ್ಳಬಾರದು.

ಈಗ ಗಾಳಿಯ ವೇಗಕ್ಕೆ ಬರೋಣ, ಇದೇ ಈ ಲೆಕ್ಕದ ಅತಿ ದುರ್ಬಲ ಅಂಕಿ. ನಿಮ್ಮ 5 ಮೀಟರ್ ಎಲ್ಲಿಂದ ಬಂತು? ಹವಾಮಾನ ಕೇಂದ್ರದ ವರದಿಯಿಂದಾದರೆ ಅದು ತೆರೆದ ಬಯಲಿನಲ್ಲಿ, ನೆಲದಿಂದ 10 ಮೀಟರ್ ಎತ್ತರದಲ್ಲಿ ಅಳೆದದ್ದು. ನೆಲದ ಹತ್ತಿರ ಗಾಳಿ ನಿಧಾನ. ಬಯಲು ಪ್ರದೇಶಕ್ಕೆ ಸಾಮಾನ್ಯವಾಗಿ ಬಳಸುವ ಏಳನೇ ಒಂದರ ಘಾತ ನಿಯಮದ ಪ್ರಕಾರ 2 ಮೀಟರ್ ಎತ್ತರದಲ್ಲಿ ಅದೇ ಗಾಳಿಯ ವೇಗ ಸುಮಾರು 4 ಮೀಟರ್. ಈ ವ್ಯಾಪ್ತಿಯಲ್ಲಿ ಗುಣಾಂಕವು ವೇಗದ 0.6ನೇ ಘಾತದಂತೆ ಬದಲಾಗುವುದರಿಂದ ಸಂವಹನ ಶೇ 12ರಷ್ಟು ಇಳಿದು ಮೀಟರಿಗೆ 820 ವ್ಯಾಟ್ ಆಗುತ್ತದೆ. ಹತ್ತಿರದಲ್ಲಿ ಕಟ್ಟಡಗಳೋ ಟ್ಯಾಂಕ್‌ಗಳೋ ಇದ್ದರೆ ಇಳಿತ ಇನ್ನೂ ಹೆಚ್ಚಿರಬಹುದು. ಎರಡು ಕಟ್ಟಡಗಳ ನಡುವಿನ ಕಿರಿದಾದ ಜಾಗದಲ್ಲಿ ಗಾಳಿ ನುಗ್ಗುವಂತಿದ್ದರೆ ಇದಕ್ಕೆ ವಿರುದ್ಧವಾಗಿ ವೇಗ ಏರಲೂಬಹುದು.

ಗಾಳಿ ಬೀಸುವ ದಿಕ್ಕೂ ಮುಖ್ಯ. ಮೇಲಿನ ಸೂತ್ರಗಳೆಲ್ಲ ಗಾಳಿ ಪೈಪಿಗೆ ನೇರ ಅಡ್ಡಲಾಗಿ ಬೀಸುತ್ತದೆ ಎಂದು ಹಿಡಿಯುತ್ತವೆ. ಗಾಳಿ 45 ಡಿಗ್ರಿ ಓರೆಯಾಗಿ ಬಂದರೆ ಪೈಪಿಗೆ ಲಂಬವಾದ ಅಂಶವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದು ಒಳ್ಳೆಯ ಮೊದಲ ಅಂದಾಜು, ಆಗ ಸಂವಹನ ಶೇ 19ರಷ್ಟು ಕಡಿಮೆಯಾಗುತ್ತದೆ. ಆದರೆ ಗಾಳಿ ಪೈಪಿನ ಉದ್ದಕ್ಕೇ ಬೀಸಿದಾಗ ಈ ರೀತಿಯಲ್ಲಿ ಹೋದರೆ ಉತ್ತರ ಸೊನ್ನೆಯ ಹತ್ತಿರ ಬಂದುಬಿಡುತ್ತದೆ. ಅದು ನಿಜವಲ್ಲ, ಆಗಲೂ ಉದ್ದಕ್ಕೆ ಹರಿಯುವ ಗಾಳಿ ಉಷ್ಣ ಒಯ್ಯುತ್ತಲೇ ಇರುತ್ತದೆ. ಈ ಎರಡು ಸಂಗತಿಗಳು ಉತ್ತರವನ್ನು ಇಳಿಸಿದರೆ, ಬಯಲು ಗಾಳಿಯ ಪ್ರಕ್ಷುಬ್ಧತೆ ಅದನ್ನು ಏರಿಸುತ್ತದೆ. ಸುರಂಗದಲ್ಲಿ ಹರಿವನ್ನು ಆದಷ್ಟು ನುಣುಪಾಗಿ ಇಟ್ಟು ಅಳೆಯುತ್ತಾರೆ. ಹೊರಗಿನ ಗಾಳಿ ಏರಿಳಿತಗಳಿಂದ ತುಂಬಿದ್ದು, ಪೈಪಿನ ಎದುರಿನ ಗಡಿಪದರವನ್ನು ಕಲಕುತ್ತದೆ, ಅದರಿಂದ ಉಷ್ಣ ವರ್ಗಾವಣೆ ಹೆಚ್ಚುತ್ತದೆ. ಸೂತ್ರಗಳಲ್ಲಿ ಇದಕ್ಕೆ ಜಾಗವಿಲ್ಲ. ನನ್ನ ಮಟ್ಟಿಗೆ, ಪೈಪಿನ ಎತ್ತರದಲ್ಲಿ ವೇಗಮಾಪಕ ಹಿಡಿದು ಅಳೆದ ವೇಗವೊಂದು ಸಿಕ್ಕರೆ ಅದು ಹತ್ತು ಸೂತ್ರಗಳ ಹೋಲಿಕೆಗಿಂತ ಹೆಚ್ಚು ಬೆಲೆಯುಳ್ಳದ್ದು.

ನಿಮ್ಮ ಪೈಪಿನಲ್ಲಿ ಉಗಿ ಇರುವುದರಿಂದ ಉತ್ತರವನ್ನು ನೇರವಾಗಿ ಪರೀಕ್ಷಿಸುವ ದಾರಿಯೂ ಇದೆ. ಪೈಪು ಕಳೆದುಕೊಂಡ ಉಷ್ಣವೆಲ್ಲ ಒಳಗೆ ಕಂಡೆನ್ಸೇಟ್ ಆಗಿ ಕಾಣಿಸಿಕೊಳ್ಳುತ್ತದೆ. 130 ಡಿಗ್ರಿಯ ಸಂತೃಪ್ತ ಉಗಿಯ ಒತ್ತಡ ನಿರಪೇಕ್ಷ ಅಳತೆಯಲ್ಲಿ 2.7 ಬಾರ್, ಗುಪ್ತೋಷ್ಣ ಕಿಲೋಗ್ರಾಮಿಗೆ 2,174 ಕಿಲೋಜೂಲ್. ಮೀಟರಿಗೆ 1,240 ವ್ಯಾಟ್‌ನಂತೆ 60 ಮೀಟರಿಗೆ 74 ಕಿಲೋವ್ಯಾಟ್ ಆಗುತ್ತದೆ, ಅಂದರೆ ಗಂಟೆಗೆ ಸುಮಾರು 123 ಕಿಲೋಗ್ರಾಂ ನೀರು. ಪೈಪಿನ ಕೊನೆಯ ಸ್ಟೀಮ್ ಟ್ರ್ಯಾಪ್‌ನಿಂದ ಬರುವ ನೀರನ್ನು ತೂಗಿದರೆ ಈ ಅಂಕಿ ನಿಜವೇ ಎಂದು ತಿಳಿಯುತ್ತದೆ.

ಖಾಲಿ ಪಾತ್ರೆಗೆ ಹಿಡಿದರೆ ಮಾತ್ರ ಅಳತೆ ತಪ್ಪಾಗುತ್ತದೆ. ಒತ್ತಡದಿಂದ ಹೊರಬಂದ ನೀರಿನಲ್ಲಿ ಶೇ 5 ರಿಂದ 6ರಷ್ಟು ಕೂಡಲೇ ಆವಿಯಾಗಿ ಹಾರಿಹೋಗುತ್ತದೆ. ಅದಕ್ಕಾಗಿ ತಣ್ಣೀರಿರುವ ಡ್ರಮ್ಮನ್ನು ತಕ್ಕಡಿಯ ಮೇಲಿಟ್ಟು, ಗಟ್ಟಿಯಾಗಿ ಕಟ್ಟಿದ ಹೋಸಿನ ತುದಿಯನ್ನು ನೀರಿನೊಳಗೆ ಮುಳುಗಿಸಿ ಹಿಡಿಯಬೇಕು. ಉದಾಹರಣೆಗೆ 25 ಡಿಗ್ರಿಯ 40 ಕಿಲೋಗ್ರಾಂ ನೀರಿಗೆ ಐದು ನಿಮಿಷದಲ್ಲಿ 10 ಕಿಲೋಗ್ರಾಂ ಸೇರಿಕೊಂಡರೆ ನಿಮ್ಮ ಲೆಕ್ಕ ಸರಿಯಿದೆ ಎಂದಾಯಿತು. ಟ್ರ್ಯಾಪ್ ಬಿಟ್ಟು ಬಿಟ್ಟು ನೀರು ಹೊರಹಾಕುವ ಬಗೆಯದಾದರೆ ಹಲವು ಸುತ್ತುಗಳ ಸರಾಸರಿ ತೆಗೆದುಕೊಳ್ಳಿ. ಡ್ರಮ್ಮಿನ ಉಷ್ಣತೆಯನ್ನೂ ಗುರುತು ಮಾಡಿಕೊಳ್ಳುವುದನ್ನು ಮರೆಯಬೇಡಿ. ಬಂದದ್ದು ಬರೀ ಕಂಡೆನ್ಸೇಟ್ ಆದರೆ ಡ್ರಮ್ಮಿನ ನೀರು 46 ಡಿಗ್ರಿಯ ಸುತ್ತಮುತ್ತ ನಿಲ್ಲುತ್ತದೆ. ಅದೇ 10 ಕಿಲೋಗ್ರಾಮಿನಲ್ಲಿ ಒಂದು ಕಿಲೋಗ್ರಾಂ ಉಗಿಯಾಗಿಯೇ ಬಂದಿದ್ದರೆ ಉಷ್ಣತೆ 56 ಡಿಗ್ರಿ ದಾಟುತ್ತದೆ. ಅಂದರೆ ಟ್ರ್ಯಾಪ್ ಉಗಿಯನ್ನು ಸೋರಿಸುತ್ತಿದೆ, ನಿಮ್ಮ ತೂಕವನ್ನು ಉಷ್ಣ ನಷ್ಟವೆಂದು ಓದುವಂತಿಲ್ಲ.

ತೂಕ ಲೆಕ್ಕಕ್ಕಿಂತ ಬಹಳ ಹೆಚ್ಚು ಬಂದು ಉಷ್ಣತೆಯೂ ಸರಿಯಾಗಿದ್ದರೆ, ಬಾಯ್ಲರಿನಿಂದಲೇ ನೀರಿನ ಹನಿಗಳು ಉಗಿಯೊಂದಿಗೆ ಬರುತ್ತಿರಬಹುದು. ಪೈಪಿನ ಆರಂಭದಲ್ಲೇ ಡ್ರೈನ್ ಪಾಕೆಟ್ ಇದ್ದರೆ ಆ ನೀರು ಅಲ್ಲೇ ಬೇರ್ಪಡುತ್ತದೆ. ಬರಿಯ ಫ್ಲ್ಯಾಂಜ್‌ಗಳು ಮತ್ತು ವಾಲ್ವ್‌ಗಳು ಕೂಡ ಉಷ್ಣ ಚೆಲ್ಲುತ್ತವೆ, ಅವನ್ನು ಪೈಪಿನ ಉದ್ದಕ್ಕೆ ಸಮಾನವಾದ ಮೀಟರುಗಳಾಗಿ ಸೇರಿಸಿಕೊಳ್ಳಬೇಕು. ಮೇಲ್ಮೈಗೆ ಒಂದೇ ಕಡೆ ಉಷ್ಣ ಹರಿವಿನ ಸಂವೇದಕ ಅಂಟಿಸಿ ಅಳೆಯುವ ವಿಧಾನವನ್ನು ಮಾತ್ರ ನಾನು ಒಪ್ಪುವುದಿಲ್ಲ. ಗಾಳಿಯ ಎದುರು ಮುಖದಲ್ಲಿ ಸಂವಹನ ಗುಣಾಂಕ ಸರಾಸರಿಯ 1.8ರಷ್ಟಿರುತ್ತದೆ, ಬದಿಯಲ್ಲಿ ಸರಾಸರಿಗಿಂತ ಎಷ್ಟೋ ಕಡಿಮೆಯಿರುತ್ತದೆ. ಆ ಒಂದು ಬಿಂದುವಿನ ಓದು ಇಡೀ ಪೈಪಿನದಾಗುವುದಿಲ್ಲ.

ಇನ್ಸುಲೇಶನ್ ಹಾಕುವ ಯೋಚನೆಯಿಂದ ಈ ಲೆಕ್ಕ ಮಾಡುತ್ತಿದ್ದರೆ, ಗಾಳಿಯ ಕುರಿತ ಈ ಎಲ್ಲ ಅನಿಶ್ಚಿತತೆ ಹಾಕಿದ ನಂತರದ ಲೆಕ್ಕದಲ್ಲಿ ಬಹುತೇಕ ಮಾಯವಾಗುತ್ತದೆ. 50 ಮಿಲಿಮೀಟರ್ ದಪ್ಪದ, 0.045 ಉಷ್ಣವಾಹಕತೆಯ ಖನಿಜ ಉಣ್ಣೆ ಸುತ್ತಿದರೆ ಅದರ ರೋಧ ಮೀಟರ್ ಉದ್ದಕ್ಕೆ 2.22. ಹೊರಮೈಯಿಂದ ಗಾಳಿಗೆ ದಾಟುವ ರೋಧ 5 ಮೀಟರ್ ಗಾಳಿಯಲ್ಲಿ 0.07 ಮಾತ್ರ:

```
q = (130 − 25) / (2.22 + 0.07) ≈ 46 W/m
```

ಗಾಳಿ ನಿಂತಾಗ ಸಂವಹನ ಮತ್ತು ವಿಕಿರಣ ಸೇರಿದ ಹೊರ ಗುಣಾಂಕವನ್ನು 8 ಎಂದು ಹಿಡಿದರೂ ನಷ್ಟ 44 ವ್ಯಾಟ್ ಆಗುತ್ತದೆ. ಬರಿಯ ಪೈಪಿನಲ್ಲಿ ಸಂವಹನವನ್ನು ನಾಲ್ಕುಪಟ್ಟಿನ ಹತ್ತಿರಕ್ಕೆ ಏರಿಸಿದ ಅದೇ ಗಾಳಿ, ಇಲ್ಲಿ ಎರಡು ವ್ಯಾಟ್‌ನಷ್ಟು ಮಾತ್ರ ವ್ಯತ್ಯಾಸ ಮಾಡುತ್ತದೆ. ಈ ಮಾತು ಹೊದಿಕೆ ಒಣಗಿದ್ದು, ಸಂದುಗಳು ಮುಚ್ಚಿರುವ ತನಕ ನಿಜ. ತಗಡಿನ ಸಂದುಗಳಿಂದ ಮಳೆನೀರು ಇಳಿದರೆ ಉಣ್ಣೆಯೊಳಗಿನ ನಿಶ್ಚಲ ಗಾಳಿಯ ಜಾಗದಲ್ಲಿ ಅದಕ್ಕಿಂತ 20 ಪಟ್ಟಿಗೂ ಹೆಚ್ಚು ಉಷ್ಣ ಒಯ್ಯುವ ನೀರು ತುಂಬಿಕೊಂಡು, 2.22 ಎಂಬ ಆ ರೋಧವೇ ಕುಸಿಯುತ್ತದೆ. ಹಾಗಾದಾಗ ಹೊರಮೈ ಆ ಜಾಗದಲ್ಲಿ ಕೈಗೆ ಬಿಸಿಯಾಗಿ ತಾಕುತ್ತದೆ. ಒಣಗಿದ ಹೊದಿಕೆಯ ಮೇಲ್ಮೈ ಗಾಳಿಯಲ್ಲಿ ಸುತ್ತಲಿನ ಉಷ್ಣತೆಗಿಂತ ಮೂರು ನಾಲ್ಕು ಡಿಗ್ರಿ ಮಾತ್ರ ಹೆಚ್ಚಿರಬೇಕು.